ಅಷ್ಟಬಂಧವು ಎಂಟು ದಿನದ ಬಂದ್ ಆದದ್ದು: ಒಂದು ದೇವಸ್ಥಾನದ ಪ್ರಕಟಣೆಯ ಪ್ರಕರಣ

ತುಮಕೂರು ಜಿಲ್ಲೆಯ ಒಂದು ಸಣ್ಣ ಬೆಟ್ಟದ ಮೇಲೆ ನಮ್ಮ ಮನೆದೇವರಾದ ರಂಗನಾಥಸ್ವಾಮಿಯ ಗುಡಿಯಿದೆ. ಅದಕ್ಕೆ ನಡೆದುಕೊಳ್ಳುವ ಒಕ್ಕಲುಗಳು ಸುತ್ತಲಿನ ಹಳ್ಳಿಗಳಲ್ಲಿ ಮಾತ್ರವಲ್ಲದೆ ಹಿರಿಯೂರು, ಶಿರಾ, ಬೆಂಗಳೂರುಗಳವರೆಗೂ ಹರಡಿಕೊಂಡಿವೆ. 2025ರ ಫೆಬ್ರುವರಿ 15ರ ಶನಿವಾರ ಹಿರಿಯೂರಿನ ಕಡೆಯಿಂದ ಒಂದು ಕುಟುಂಬ ಮೂರು ವರ್ಷದ ಮಗುವಿನ ಮುಡಿ ಕೊಡಲೆಂದು ಟೆಂಪೋ ಮಾಡಿಕೊಂಡು ಬಂದಿತು. ಗರ್ಭಗುಡಿಯ ಮುಂದೆ ಪರದೆ ಬಿದ್ದಿತ್ತು, ಒಳಗೆ ಕೆಲಸದವರು ಸಾರುವೆ ಕಟ್ಟುತ್ತಿದ್ದರು. ದಿಗಿಲುಗೊಂಡ ಹಿರಿಯರು ಸಮಿತಿಯ ಒಬ್ಬರನ್ನು ಹಿಡಿದು ಕೇಳಿದರು: "ಎಂಟು ದಿನ ಬಂದ್ ಅಂತ ನೀವೇ ಹಾಕಿದ್ರಲ್ಲ ಸ್ವಾಮಿ, ಎಂಟು ದಿನ ಕಳ್ಕೊಂಡೇ ಬಂದಿದೀವಿ. ಇನ್ನೂ ಯಾಕೆ ಬಾಗಿಲು ಹಾಕಿದೀರಿ?"

ಎಂಟು ದಿನವೆಂದು ಯಾರೂ ಬರೆದಿರಲಿಲ್ಲ. ಗುಡಿಯಲ್ಲಿ ನಡೆಯುತ್ತಿದ್ದದ್ದು ಅಷ್ಟಬಂಧದ ಕೆಲಸ, ಅಂದರೆ ವಿಗ್ರಹ ಪೀಠದಿಂದ ಅಲುಗದಂತೆ ಸುತ್ತ ತುಂಬುವ ಪಾಕವನ್ನು ಹೊಸದಾಗಿ ಹಾಕುವುದು. ಪ್ರಕಟಣೆಯ ತಲೆಯಲ್ಲಿ ಕೆಂಪು ಅಕ್ಷರಗಳಲ್ಲಿ "ಅಷ್ಟಬಂಧ ನಿಮಿತ್ತ ಪ್ರಕಟಣೆ, ದಿನಾಂಕ 7-2-2025ರಿಂದ" ಎಂದಿತ್ತು, ಕೆಳಗಿನದೆಲ್ಲ ಸಣ್ಣ ಅಕ್ಷರಗಳಲ್ಲಿತ್ತು. ಮೊಬೈಲಿಗೆ ಬಂದ ಅದರ ಫೋಟೋದಲ್ಲಿ ಓದಲು ಸಿಕ್ಕಿದ್ದು ಆ ತಲೆಬರಹ ಮಾತ್ರ. ಮಹಾಪ್ರಾಣ ನಿಲ್ಲದ ಬಾಯಿಗಳಲ್ಲಿ "ಬಂಧ" ಎಂಬುದು "ಬಂದ್" ಆಗುವುದು ಸಹಜ, "ಅಷ್ಟ" ಎಂದರೆ ಎಂಟು ಎಂಬುದು ಎಲ್ಲರಿಗೂ ಗೊತ್ತು. ಏಳನೆಯ ತಾರೀಖಿನಿಂದ ಎಂಟು ದಿನ ಎಣಿಸಿ ಹದಿನೈದಕ್ಕೆ ಹೊರಟವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಇನ್ನೂ ನೋವಿನ ಸಂಗತಿಯೆಂದರೆ, ಅಂದು ಮುಡಿ ಕೊಡಲು ಯಾವ ಅಡ್ಡಿಯೂ ಇರಲಿಲ್ಲ. ಸ್ವಾಮಿಯ ಪೂಜೆ ಐವತ್ತು ಹೆಜ್ಜೆ ಆಚೆ ತಗಡಿನ ಚಪ್ಪರದಡಿಯಲ್ಲಿ, ಬಾಲಾಲಯವೆನ್ನುವ ತಾತ್ಕಾಲಿಕ ಗುಡಿಯಲ್ಲಿ, ನಡೆಯುತ್ತಲೇ ಇತ್ತು. ಅದು ತಿಳಿಯುವಷ್ಟರಲ್ಲಿ ಅವರು ಬೇಸರದಿಂದ ಬೆಟ್ಟ ಇಳಿದಾಗಿತ್ತು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಅದೇ ದೇವರ ಒಕ್ಕಲಿನವನು. ಮರುದಿನ ಸಮಿತಿಯ ಕಿರಿಯ ಸದಸ್ಯರೊಬ್ಬರು ಫೋನು ಮಾಡಿ, "ಮೇಷ್ಟ್ರೇ, ಇದನ್ನ ಜನಕ್ಕೆ ಅರ್ಥ ಆಗೋ ಹಾಗೆ ಬರೆದುಕೊಡಿ" ಎಂದರು. ಮೂಲ ಪ್ರಕಟಣೆ ಹೀಗಿತ್ತು:

"ಆಸ್ತಿಕ ಮಹಾಶಯರಲ್ಲಿ ವಿಜ್ಞಾಪನೆ. ಶ್ರೀ ಸ್ವಾಮಿಯವರ ಮೂಲಬೇರದ ಅಷ್ಟಬಂಧ ಪುನಃಪ್ರತಿಷ್ಠಾಪನಾಂಗವಾಗಿ ಕ್ರೋಧಿ ನಾಮ ಸಂವತ್ಸರದ ಮಾಘ ಶುದ್ಧ ದಶಮಿ ಭಾರ್ಗವವಾಸರದಂದು ಕಲಾಕರ್ಷಣಪೂರ್ವಕ ಬಾಲಾಲಯ ಪ್ರತಿಷ್ಠೆ ನೆರವೇರಲಿದ್ದು, ತದಾರಭ್ಯ ವಿಶ್ವಾವಸು ಸಂವತ್ಸರದ ವೈಶಾಖ ಶುದ್ಧ ದಶಮಿಯ ಮಹಾಸಂಪ್ರೋಕ್ಷಣಾ ಪರ್ಯಂತ ಗರ್ಭಗೃಹದಲ್ಲಿ ದರ್ಶನಾವಕಾಶವಿರುವುದಿಲ್ಲ. ನಿತ್ಯಾರ್ಚನಾದಿಗಳೂ ಕೇಶಮುಂಡನಾದಿ ಹರಕೆ ಸೇವೆಗಳೂ ಬಾಲಾಲಯದ ಸನ್ನಿಧಿಯಲ್ಲಿ ಯಥಾಪ್ರಕಾರ ಜರುಗುವುವು. ಭಕ್ತಾದಿಗಳ ಕಾಮ್ಯಾಭಿಷೇಕ ಸೇವೆಯು ಮಂಡಲಪೂಜಾಂತ್ಯದವರೆಗೆ ಇರುವುದಿಲ್ಲ. ಭಗವದ್ಭಕ್ತರು ಸಹಕರಿಸತಕ್ಕದ್ದು."

ಇದರಲ್ಲಿ ಒಂದೇ ಒಂದು ಸುಳ್ಳಿಲ್ಲ, ವ್ಯಾಕರಣದ ದೋಷವೂ ಇಲ್ಲ. ಬರೆದವರು ಹಿರಿಯ ಅರ್ಚಕರು. ಅವರ ಮನಸ್ಸಿನಲ್ಲಿದ್ದದ್ದು ಆಮಂತ್ರಣ ಪತ್ರಿಕೆಯ ಮಾದರಿ. ಆಮಂತ್ರಣ ಪತ್ರಿಕೆಯನ್ನು ನಾವು ಅರಿಶಿನ ಹಚ್ಚಿ ದೇವರ ಮುಂದಿಟ್ಟು ಕೊಡುತ್ತೇವೆ. ಅಲ್ಲಿ ಸಂವತ್ಸರ, ಮಾಸ, ತಿಥಿ, ವಾಸರಗಳು ಸಂಕಲ್ಪದ ನೆರಳಿನಂತೆ ಬರುತ್ತವೆ, ಓದುವವನಿಗೆ ಪ್ರತಿ ಪದ ತಿಳಿಯದಿದ್ದರೂ ಅವನು ನಷ್ಟಪಡುವುದಿಲ್ಲ, ಏಕೆಂದರೆ ಆ ಭಾಗದಿಂದ ಅವನು ಮಾಡಬೇಕಾದದ್ದು ಏನೂ ಇಲ್ಲ. ಪ್ರಕಟಣೆಯ ಸ್ಥಿತಿ ಬೇರೆ. ಅದನ್ನು ಓದಿದವನು ಬರಬೇಕೋ ಬಾರದೋ, ಯಾವಾಗ ಬರಬೇಕು, ಬಂದರೆ ಎಲ್ಲಿ ನಿಲ್ಲಬೇಕು ಎಂದು ಅಂದೇ ತೀರ್ಮಾನಿಸಿ ಬಾಡಿಗೆ ಗಾಡಿಗೆ ಮುಂಗಡ ಕೊಡಬೇಕು. ಆ ತೀರ್ಮಾನಕ್ಕೆ ಬೇಕಾದ ಮೂರು ಸಂಗತಿಗಳೂ ಮೂಲದಲ್ಲಿ "ಭಾರ್ಗವವಾಸರ", "ತದಾರಭ್ಯ", "ಯಥಾಪ್ರಕಾರ", "ಮಂಡಲಪೂಜಾಂತ್ಯ" ಎಂಬ ಪದಗಳೊಳಗೆ ಅಡಗಿ ಕುಳಿತಿದ್ದವು.

ತಿದ್ದುವುದಕ್ಕೆ ಮೊದಲು ಆ ಪ್ರಕಟಣೆ ಯಾರಿಗೆ ಹೇಗೆ ಕೇಳಿಸಿತೆಂದು ತಿಳಿಯಬೇಕಾಗಿತ್ತು. "ಅರ್ಥವಾಯಿತೇ?" ಎಂದು ಕೇಳಿದರೆ ನಮ್ಮ ಜನ ಮರ್ಯಾದೆಗೆ "ಆಯ್ತು ಸ್ವಾಮಿ" ಎನ್ನುತ್ತಾರೆ, ದೇವರ ವಿಷಯದಲ್ಲಂತೂ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳಲು ಇನ್ನಷ್ಟು ಹಿಂಜರಿಯುತ್ತಾರೆ. ಆದ್ದರಿಂದ ಬೆಟ್ಟದ ಪಾದದಲ್ಲಿ ಹೂವು ಮಾರುವ ಹೆಂಗಸೊಬ್ಬರಿಗೂ, ಮುಡಿಕಟ್ಟೆಯ ಕ್ಷೌರಿಕರಿಗೂ, ಒಕ್ಕಲುಗಳ ಮನೆಮನೆಗೆ ಶಂಖ ಜಾಗಟೆ ಹಿಡಿದು ಹೋಗುವ ದಾಸಯ್ಯನವರಿಗೂ ಅದನ್ನು ಗಟ್ಟಿಯಾಗಿ ಓದಿ ಹೇಳಿ, "ಮುಂದಿನ ಶನಿವಾರ ನಿಮ್ಮ ಮೊಮ್ಮಗುವಿನ ಮುಡಿ ಕೊಡಬೇಕು. ಬರುತ್ತೀರಾ? ಬಂದರೆ ಹಣ್ಣುಕಾಯಿ ಎಲ್ಲಿ ಮಾಡಿಸುತ್ತೀರಿ?" ಎಂದು ಕೇಳಿದೆ.

ಹೂವು ಮಾರುವವರು ಬಾಲಾಲಯವೆಂದರೆ ಬಾಲವಾಡಿಯೆಂದು ತಿಳಿದಿದ್ದರು. ದೇವಸ್ಥಾನದವರು ಮಕ್ಕಳಿಗೆ ಏನೋ ಕಟ್ಟಿಸುತ್ತಿದ್ದಾರೆಂದು ಸಂತೋಷವನ್ನೂ ಪಟ್ಟಿದ್ದರು. ಕ್ಷೌರಿಕರು "ಮಂಡಲ" ಎಂಬಲ್ಲಿ ನಿಂತರು. ಅಯ್ಯಪ್ಪನ ಮಾಲೆ ಹಾಕುವ ಅವರಿಗೆ ಮಂಡಲವೆಂದರೆ 41 ದಿನ, ನಮ್ಮ ಅರ್ಚಕರು ಬರೆದದ್ದು 48 ದಿನದ ಮಂಡಲ. ಅಲ್ಲೇ ಕುಳಿತಿದ್ದ ಇನ್ನೊಬ್ಬ ಹಿರಿಯರಿಗೆ 1980ರ ದಶಕದ ಮಂಡಲ ಪಂಚಾಯಿತಿ ನೆನಪಾಗಿ, ಇದರಲ್ಲಿ ಪಂಚಾಯಿತಿಯವರ ಕೈವಾಡ ಏಕೆಂದು ಕೇಳಿದರು. ಮೂವರು ಮಂಡಲ ಎಂಬ ಒಂದೇ ಪದವನ್ನು ಮೂರು ವಿಧವಾಗಿ ಅರ್ಥಮಾಡಿಕೊಂಡಿದ್ದರು, ಮೂವರಿಗೂ ತಮಗೆ ತಿಳಿಯಿತೆಂಬ ಭರವಸೆಯೇ ಇತ್ತು. ಪೂರ್ತಿ ಅಪರಿಚಿತವಾದ ಪದ ಓದುಗನನ್ನು ತಡೆದು ನಿಲ್ಲಿಸುತ್ತದೆ, ಅವನು ಯಾರನ್ನಾದರೂ ಕೇಳುತ್ತಾನೆ. "ಕಲಾಕರ್ಷಣ" ಯಾರಿಗೂ ತಿಳಿದಿರಲಿಲ್ಲ, ಅದರಿಂದ ಯಾರೂ ದಾರಿ ತಪ್ಪಲೂ ಇಲ್ಲ. ಅರ್ಧ ಪರಿಚಯದ ಪದಗಳಾದ ಅಷ್ಟಬಂಧ, ಬಾಲಾಲಯ, ಮಂಡಲಗಳೇ ಜನರನ್ನು ದಾರಿ ತಪ್ಪಿಸಿದವು. ಪ್ರಕಟಣೆ ತಿದ್ದುವವರು ಕಠಿಣ ಪದಗಳನ್ನಷ್ಟೇ ಹುಡುಕಿ ತೆಗೆದರೆ ಇವು ಕಣ್ಣಿಗೆ ಬೀಳುವುದೇ ಇಲ್ಲ.

ದಾಸಯ್ಯನವರ ಉತ್ತರ ಬೇರೆ ಜಾತಿಯದು. ಅವರಿಗೆ ಬಾಲಾಲಯ ಗೊತ್ತಿತ್ತು, ಹನ್ನೆರಡು ವರ್ಷದ ಹಿಂದೆ ಒಮ್ಮೆ ನೋಡಿದ್ದರು. ಆದರೂ ಆ ಸುದ್ದಿಯನ್ನು ಒಕ್ಕಲುಗಳಿಗೆ ಮುಟ್ಟಿಸಿರಲಿಲ್ಲ. ಏಕೆಂದು ಕೇಳಿದಾಗ, "ಆಸ್ತಿಕ ಮಹಾಶಯರು ಅಂತ ಬರ್ದಿತ್ತಲ್ಲ ಮೇಷ್ಟ್ರೇ, ಅದು ಬೆಂಗಳೂರಿನ ಕಡೆ ದೊಡ್ಡೋರಿಗೆ, ಚಂದಾ ಕೊಡೋರಿಗೆ ಬರ್ದಿದ್ದು ಅನ್ಕೊಂಡೆ" ಎಂದರು. ಬರಹವೊಂದು ಜನರಿಂದ ದೂರವಾಗುವುದೆಂದರೆ ಇದು. ಪದದ ಅರ್ಥ ತಿಳಿಯದೆ ಹೋದದ್ದು ಇಲ್ಲಿ ಮುಖ್ಯವಲ್ಲ, ಕಾಗದ ತನ್ನನ್ನು ಕರೆಯುತ್ತಿಲ್ಲವೆಂದು ಆತನಿಗೆ ಅನ್ನಿಸಿತು. ಇಡೀ ಪ್ರಕಟಣೆಯಲ್ಲಿ "ಒಕ್ಕಲು" ಎಂಬ ಪದ ಒಮ್ಮೆಯೂ ಬಂದಿರಲಿಲ್ಲ.

ನಾನು ಕೈಹಾಕುವ ಮೊದಲೇ ಸಮಿತಿಯ ಕಿರಿಯ ಸದಸ್ಯರು ತಮ್ಮದೊಂದು ಸರಳ ಪಾಠವನ್ನು ವಾಟ್ಸಾಪಿನಲ್ಲಿ ಬಿಟ್ಟಿದ್ದರು: "ಎಲ್ಲರಿಗೂ ನಮಸ್ಕಾರ. ರಂಗಪ್ಪನ ಗುಡಿ ಮೂರು ತಿಂಗಳು ಕ್ಲೋಸ್ ಇರುತ್ತೆ. ದೇವರು ಒಳಗಡೆ ಇರಲ್ಲ. ಪೂಜೆ ಶೆಡ್ಡಲ್ಲಿ ನಡೆಯುತ್ತೆ. ಮುಡಿ ಕೊಡೋರು ಬರಬಹುದು." ಅರ್ಥವಾಗದ ಪದ ಇದರಲ್ಲಿ ಒಂದೂ ಇಲ್ಲ, ಮೂಲಕ್ಕಿಂತ ಉಪಯೋಗವೂ ಹೆಚ್ಚು. ಆದರೂ ಎರಡು ದಿನದಲ್ಲಿ ಗುಡಿಯಲ್ಲಿ ಕಳವಾಗಿದೆಯೆಂದೂ, ಒಳಗೆ ಏನೋ ಮೈಲಿಗೆಯಾಗಿದೆಯೆಂದೂ ಗಾಳಿಮಾತು ಹಬ್ಬಿತು. ಗುಡಿಯ ಬಾಗಿಲು ಹಾಕುವುದೆಂದರೆ ನಮ್ಮ ಕಡೆ ಗ್ರಹಣ, ಸಾವು, ಜಗಳ ಇವುಗಳ ನೆನಪು ಬರುತ್ತದೆ. "ದೇವರು ಒಳಗಡೆ ಇರಲ್ಲ" ಎಂಬ ವಾಕ್ಯವನ್ನು ಓದಿ ಒಬ್ಬ ಅಜ್ಜಿ ಅಂದು ಊಟ ಮಾಡಲಿಲ್ಲವಂತೆ. ಹಿರಿಯ ಅರ್ಚಕರು ಇದನ್ನೇ ಹಿಡಿದು, "ನೋಡಿ, ಆಡುಮಾತಿನಲ್ಲಿ ಬರೆದರೆ ಹೀಗೆ ಅಮಂಗಳವಾಗುತ್ತದೆ. ಶಾಸ್ತ್ರದ ಪದಗಳು ಇರುವುದು ಇದಕ್ಕೇ" ಎಂದು ವಾದಿಸಿದರು.

ಅವರ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆಡುಮಾತಿನಲ್ಲಿ ಬರೆದದ್ದು ತಪ್ಪಾದದ್ದು ಅದು ಆಡುಮಾತೆಂಬ ಕಾರಣಕ್ಕಲ್ಲ, ಬಸ್ ನಿಲ್ದಾಣದ ಆಡುಮಾತನ್ನು ತಂದು ದೇವರ ಸಂಗತಿಗೆ ಅಂಟಿಸಿದ್ದಕ್ಕೆ. ಮನೆಯಿಂದ ಹೊರಡುವಾಗ "ಹೋಗುತ್ತೇನೆ" ಎನ್ನದೆ "ಹೋಗಿಬರುತ್ತೇನೆ" ಎನ್ನುವ, ದೀಪವನ್ನು ಆರಿಸದೆ ಶಾಂತ ಮಾಡುವ ಜನರ ಮಾತಿನಲ್ಲಿ ಮಂಗಳದ ನುಡಿಗೆ ಬಡತನವಿಲ್ಲ. ದೇವರು ಬರುವುದಕ್ಕೂ ಹೋಗುವುದಕ್ಕೂ "ದಯಮಾಡಿಸು" ಎಂಬ ಪದ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದು ಗೌರವದಲ್ಲಿ ಯಾವ ಸಮಾಸಪದಕ್ಕೂ ಕಡಿಮೆಯಲ್ಲ, ಕೇಳಿದವರಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. "ರಂಗಪ್ಪ" ಎಂಬ ಏಕವಚನದ ವಿಷಯವೂ ಇಂಥದೇ. ಹರಕೆ ಹೊತ್ತ ತಾಯಿ "ರಂಗಪ್ಪ, ಕಾಪಾಡಪ್ಪ" ಎಂದರೆ ಅದು ಭಕ್ತಿ. ಸಮಿತಿಯ ಮೊಹರಿನ ಕೆಳಗೆ ಅದೇ ಹೆಸರು ಅಚ್ಚಾದರೆ ಉದಾಸೀನವಾಗಿ ಕಾಣುತ್ತದೆ. ಭಕ್ತರು ತಮ್ಮ ದೇವರೊಡನೆ ಆಡುವ ಸಲಿಗೆಯ ಮಾತನ್ನು ಆಡಳಿತದವರು ಸಾಲ ಪಡೆಯಲಾಗದು. ಇದಲ್ಲದೆ "ಇರುತ್ತೆ", "ಕೊಡೋರು" ಎಂಬ ರೂಪಗಳು ತುಮಕೂರಿನವರಿಗೆ ಒಗ್ಗಿದರೂ ಹಿರಿಯೂರಿನಾಚೆಗಿನ ಒಕ್ಕಲಿಗೆ ಬೇರೆಯ ಊರಿನವರ ಮಾತಾಗಿ ಕೇಳಿಸುತ್ತವೆ. ಹಲವು ಸೀಮೆಗಳಿಗೆ ಹೋಗುವ ಕಾಗದಕ್ಕೆ ಬರವಣಿಗೆಯ ಸರಳ ರೂಪವೇ ವಾಸಿ.

ಸಭೆಯಲ್ಲಿ ಇನ್ನೊಂದು ಸಲಹೆಯೂ ಬಂತು: ಸಂಸ್ಕೃತ ಪದಗಳನ್ನೆಲ್ಲ ತೆಗೆದು ಅಚ್ಚಗನ್ನಡದಲ್ಲಿ ಬರೆಯೋಣ, ದರ್ಶನಕ್ಕೆ "ಕಾಣ್ಕೆ" ಎನ್ನೋಣ, ವಿಗ್ರಹಕ್ಕೆ ಇನ್ನೇನೋ ಎನ್ನೋಣ ಎಂದು. ಅದನ್ನು ಹೂವು ಮಾರುವವರ ಮುಂದೆ ಓದಿದ್ದರೆ ಹಣ ಹಾಕುವ ಹುಂಡಿಯ ನೆನಪಾಗುತ್ತಿತ್ತೇ ಹೊರತು ದರ್ಶನ ನೆನಪಾಗುತ್ತಿರಲಿಲ್ಲ. ಪೂಜೆ, ಪ್ರಸಾದ, ತೀರ್ಥ, ದರ್ಶನ, ಅಭಿಷೇಕ ಇವೆಲ್ಲ ಹುಟ್ಟಿನಿಂದ ಸಂಸ್ಕೃತವಾದರೂ ಬಾಳುವೆಯಿಂದ ನಮ್ಮ ಹಳ್ಳಿಯವು. "ಹಣ್ಣುಕಾಯಿ"ಯಷ್ಟೇ ಅವೂ ಒಕ್ಕಲಿನವರ ಪದಗಳು. ಆ ಸಲಹೆಯನ್ನು ಮುಂದುವರಿಸಲಿಲ್ಲ.

ಕೊನೆಗೆ ಅರ್ಚಕರೂ ನಾನೂ ಒಂದು ಮಧ್ಯಾಹ್ನ ಬಾಲಾಲಯದ ಎದುರಿನ ಜಗಲಿಯ ಮೇಲೆ ಕುಳಿತು ಮೂಲದ ಪದಗಳನ್ನು ಒಂದೊಂದಾಗಿ ತೂಗಿದೆವು. ಅವರು ಬಿಟ್ಟುಕೊಡಲು ಒಪ್ಪದವು ಮೂರು: ಅಷ್ಟಬಂಧ, ಬಾಲಾಲಯ, ಮಹಾಸಂಪ್ರೋಕ್ಷಣೆ. ಅವರು ಹೇಳಿದ್ದು ಸರಿಯೇ ಆಗಿತ್ತು. ಅರಗು, ಗುಗ್ಗುಳ, ಜೇನುಮೇಣ, ಬೆಣ್ಣೆ ಮೊದಲಾದ ಎಂಟು ದ್ರವ್ಯಗಳನ್ನು ಕುಟ್ಟಿ ಹದಮಾಡಿ, ವಿಗ್ರಹ ಪೀಠದಿಂದ ಅಲುಗದಂತೆ ಸುತ್ತ ತುಂಬುವ ಪಾಕಕ್ಕೆ ಬೇರೆ ಹೆಸರಿಲ್ಲ. "ಅಂಟು" ಎಂದು ಬರೆದರೆ ಅಂಗಡಿಯ ಗೋಂದಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಹಾಕುವ ರೂಢಿಯಿದೆ. ಅದು ಸಡಿಲವಾದರೆ ಅಭಿಷೇಕದ ನೀರು ಪೀಠದ ಕೆಳಗೆ ಇಳಿಯುತ್ತದೆ. ಈ ಕೆಲಸ ನಡೆಯುವಷ್ಟು ಕಾಲ ಮೂಲವಿಗ್ರಹದ ಶಕ್ತಿಯನ್ನು ಕಳಶದ ಮೂಲಕ ಬೇರೆಡೆಗೆ ಬರಮಾಡಿಕೊಂಡು ಪೂಜಿಸುವ ತಾತ್ಕಾಲಿಕ ಗುಡಿಯೇ ಬಾಲಾಲಯ. ಇದನ್ನು "ಚಿಕ್ಕ ಗುಡಿ" ಎಂದು ಬರೆಯೋಣವೆಂದು ನಾನು ಹೇಳಿದ್ದೆ. ನಮ್ಮ ಬೆಟ್ಟದ ಮೇಲೆಯೇ ಆಂಜನೇಯನ ಚಿಕ್ಕ ಗುಡಿಯೊಂದಿದೆ, ಜನ ಅಲ್ಲಿಗೆ ಹೋಗಿ ನಿಲ್ಲುತ್ತಾರೆ ಎಂದು ಅವರು ತೋರಿಸಿಕೊಟ್ಟರು. ಪಾರಿಭಾಷಿಕ ಪದವನ್ನು ಉಳಿಸಿ ಪಕ್ಕದಲ್ಲೇ ಅದರ ವಿವರವನ್ನು, ಅದು ಇರುವ ಜಾಗವನ್ನು ಹೇಳುವುದೆಂದು ನಿರ್ಧಾರವಾಯಿತು. ಮಹಾಸಂಪ್ರೋಕ್ಷಣೆಯನ್ನು ವೈಷ್ಣವ ದೇವಾಲಯಗಳವರು ಹಾಗೆಯೇ ಕರೆಯಬೇಕೆಂಬುದು ಅವರ ಪಟ್ಟು. ಜನ ಅದನ್ನು ಕುಂಭಾಭಿಷೇಕ ಎನ್ನುವುದರಿಂದ ಎರಡನ್ನೂ ಇಡಬೇಕೆಂಬುದು ನನ್ನದು. ಎರಡೂ ಉಳಿದವು.

ಮಿಕ್ಕವುಗಳಲ್ಲಿ "ಮೂಲಬೇರ", "ಕಲಾಕರ್ಷಣಪೂರ್ವಕ", "ಪುನಃಪ್ರತಿಷ್ಠಾಪನಾಂಗವಾಗಿ" ಎಂಬವು ಅರ್ಚಕರು ಮತ್ತು ಆಗಮಿಕರ ನಡುವಿನ ಪದಗಳು. ಒಕ್ಕಲಿನವನು ಅವನ್ನು ತಿಳಿದು ಮಾಡಬೇಕಾದದ್ದೇನಿಲ್ಲ, ಆದ್ದರಿಂದ ವಿವರಿಸದೆ ಬಿಟ್ಟೆವು. "ತದಾರಭ್ಯ", "ಪರ್ಯಂತ", "ಯಥಾಪ್ರಕಾರ", "ಸಹಕರಿಸತಕ್ಕದ್ದು" ಇವು ಶಾಸ್ತ್ರದವೂ ಅಲ್ಲ. ಹಳೆಯ ಕಚೇರಿಯ ಕಾಗದಗಳಿಂದ ಬಂದು ದೇವಸ್ಥಾನದ ಬರವಣಿಗೆಯಲ್ಲಿ ಪವಿತ್ರವೆಂಬಂತೆ ಕುಳಿತುಬಿಟ್ಟವು. ಇವನ್ನು ತೆಗೆಯುವಾಗ ಅರ್ಚಕರು ಒಂದು ಮಾತೂ ಆಡಲಿಲ್ಲ. "ಸಹಕರಿಸತಕ್ಕದ್ದು" ಎಂಬುದು ತಮಗೂ ಹಿಡಿಸಿರಲಿಲ್ಲ, ಹಿಂದಿನವರು ಬರೆದದ್ದನ್ನು ನೋಡಿ ಬರೆದೆನೆಂದು ನಕ್ಕರು.

ತಿಥಿಯ ಬಗ್ಗೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಒಕ್ಕಲುಗಳ ಹಿರಿಯರು ಕ್ಯಾಲೆಂಡರಿನಲ್ಲಿ ತಿಥಿಯನ್ನೇ ನೋಡುತ್ತಾರೆಂದು ಅವರು, ಮಾಘ ಶುದ್ಧ ದಶಮಿಯೆಂದರೆ ಫೆಬ್ರುವರಿ 7 ಎಂದು ಬೆಂಗಳೂರಿನ ಹುಡುಗರಿಗೆ ಯಾರು ಹೇಳಬೇಕೆಂದು ನಾನು. ತಾರೀಖು ಮತ್ತು ವಾರವನ್ನು ಮೊದಲು ಹಾಕಿ, ತಿಥಿಯನ್ನು ಮಹಾಸಂಪ್ರೋಕ್ಷಣೆಯ ಸಾಲಿನಲ್ಲಿ ಮಾತ್ರ ಇಟ್ಟೆವು. ಮಂಡಲದ ಕೊನೆಯನ್ನು ಎಣಿಸಿದಾಗ ಅವರಿಗೂ ನನಗೂ ಒಂದು ದಿನದ ವ್ಯತ್ಯಾಸ ಬಂತು. ನಾನು ಮೇ 8ರಿಂದ ಎಣಿಸಿದ್ದೆ, ಅವರು ಮೇ 7ರಂದೇ ಮೊದಲ ದಿನ ಎಣಿಸಿದ್ದರು. 48ನೆಯ ದಿನ ಜೂನ್ 23 ಎಂದಾಯಿತು. ಲೆಕ್ಕ ಮಾಡಲು ಕುಳಿತ ಇಬ್ಬರಿಗೇ ಹೀಗಾದರೆ ಓದುಗರು ಎಣಿಸಿಕೊಳ್ಳಲಿ ಎಂದು ಬಿಡುವ ಪ್ರಶ್ನೆಯೇ ಉಳಿಯಲಿಲ್ಲ.

ಅಚ್ಚಾದ ಪಾಠ ಇದು:

"ಶ್ರೀ ರಂಗನಾಥಸ್ವಾಮಿಯ ಒಕ್ಕಲಿನವರಿಗೂ ಎಲ್ಲ ಭಕ್ತರಿಗೂ ತಿಳಿಸುವುದು. ಮೇ 7, ಬುಧವಾರ ಬೆಳಿಗ್ಗೆಯವರೆಗೆ ಗರ್ಭಗುಡಿಯಲ್ಲಿ ದರ್ಶನ ಇರುವುದಿಲ್ಲ. ಸ್ವಾಮಿಯನ್ನು ಬಾಲಾಲಯಕ್ಕೆ ದಯಮಾಡಿಸಲಾಗಿದೆ. ಬಾಲಾಲಯವು ಗುಡಿಯ ಬಲಗಡೆ, ಅಡುಗೆಮನೆಯ ಪಕ್ಕದಲ್ಲಿ ಇದೆ. ದಿನದ ಪೂಜೆ, ಮಂಗಳಾರತಿ, ತೀರ್ಥ ಪ್ರಸಾದ ಅಲ್ಲಿಯೇ ಎಂದಿನ ಸಮಯಕ್ಕೆ ನಡೆಯುತ್ತವೆ. ಮುಡಿ ಕೊಡುವವರು, ಹರಕೆ ತೀರಿಸುವವರು ಎಂದಿನಂತೆ ಬರಬಹುದು. ಹಣ್ಣುಕಾಯಿಯನ್ನು ಬಾಲಾಲಯದಲ್ಲಿ ಮಾಡಿಸಬೇಕು. ಭಕ್ತರ ಹೆಸರಿನಲ್ಲಿ ಮಾಡಿಸುವ ಅಭಿಷೇಕ ಮಾತ್ರ ಜೂನ್ 23, ಸೋಮವಾರದವರೆಗೆ ಇರುವುದಿಲ್ಲ. ಸ್ವಾಮಿಯ ವಿಗ್ರಹವನ್ನು ಪೀಠದಲ್ಲಿ ಭದ್ರವಾಗಿ ನಿಲ್ಲಿಸುವ ಅಷ್ಟಬಂಧವನ್ನು ಹನ್ನೆರಡು ವರ್ಷದ ನಂತರ ಹೊಸದಾಗಿ ಹಾಕುತ್ತಿರುವುದರಿಂದ ಈ ಏರ್ಪಾಡು. ವೈಶಾಖ ಶುದ್ಧ ದಶಮಿ, ಮೇ 7ರಂದು ಮಹಾಸಂಪ್ರೋಕ್ಷಣೆ, ಅಂದರೆ ಕುಂಭಾಭಿಷೇಕ, ನಡೆಯುತ್ತದೆ. ಎಲ್ಲರೂ ಬಂದು ಸ್ವಾಮಿಯ ದರ್ಶನ ಮಾಡಬೇಕೆಂದು ವಿನಂತಿ."

ಮೂಲದಲ್ಲಿ ಕಾರಣ ಮೊದಲಿತ್ತು, ಮಾಡಬೇಕಾದದ್ದು ಕೊನೆಗಿತ್ತು. ಇಲ್ಲಿ ಅದು ತಿರುವುಮುರುವಾಗಿದೆ. ಬಿರುಸಾದ ಪದಗಳೆಲ್ಲ ಕಾರಣ ಹೇಳುವ ಸಾಲಿಗೇ ಸೇರಿದವಾದ್ದರಿಂದ, ಆ ಸಾಲು ಕೆಳಗಿಳಿದೊಡನೆ ಮೇಲಿನ ಭಾಗ ತಾನಾಗಿ ಹಗುರವಾಯಿತು. ತಲೆಬರಹದಲ್ಲಿ ಅಷ್ಟಬಂಧ ಉಳಿಯಲಿಲ್ಲ, ಆ ಜಾಗಕ್ಕೆ "ಪೂಜೆ, ಹರಕೆ ಎಂದಿನಂತೆ ನಡೆಯುತ್ತಿವೆ" ಎಂಬ ಸಾಲು ಬಂತು. ಗಾಳಿಮಾತಿಗೆ ಬೇರೆ ಸ್ಪಷ್ಟೀಕರಣ ಕೊಡದೆ ಈ ಒಂದು ಸಾಲಿನಲ್ಲೇ ಉತ್ತರ ಕೊಡಬಹುದೆಂದು ನಮಗೆ ತೋರಿತು.

ಇದನ್ನು ಮತ್ತೆ ಓದಿ ಹೇಳಿದಾಗ ಹೂವು ಮಾರುವವರು ಹಣ್ಣುಕಾಯಿ ಎಲ್ಲಿ ಮಾಡಿಸಬೇಕೆಂದು ಕೈಮಾಡಿ ತೋರಿಸಿದರು. ಕ್ಷೌರಿಕರು ಜೂನ್ 23ನ್ನು ತಪ್ಪಿಲ್ಲದೆ ಹೇಳಿದರು. ದಾಸಯ್ಯನವರು ಹತ್ತು ಪ್ರತಿಗಳನ್ನು ಜೋಳಿಗೆಗೆ ಹಾಕಿಕೊಂಡು, "ದಯಮಾಡಿಸವ್ರೆ ಅಂತ ಹೇಳ್ತೀನಿ ಬಿಡಿ" ಎಂದರು. ಎಲ್ಲವೂ ನೇರವಾಯಿತೆಂದು ಹೇಳಲಾರೆ. ಬಾಲಾಲಯದಲ್ಲಿ ಹರಕೆ ಒಪ್ಪಿಸಿದರೆ ಅದು ಮೂಲದೇವರಿಗೆ ಸಲ್ಲುತ್ತದೆಯೇ ಎಂದು ಕೇಳುವವರು ಏಪ್ರಿಲ್‌ವರೆಗೂ ಇದ್ದರು. ಸಲ್ಲುತ್ತದೆಂದು ಒಂದು ವಾಕ್ಯ ಬರೆಯಬಹುದಾಗಿತ್ತು, ನಮಗೆ ಹೊಳೆಯಲಿಲ್ಲ. ಅದು ಭಾಷೆಯ ಸಂಶಯವಲ್ಲ, ಮನಸ್ಸಿನದು. ಅರ್ಚಕರು ಬಂದವರಿಗೆಲ್ಲ ಬಾಯಿಮಾತಿನಲ್ಲೇ ಸಮಾಧಾನ ಹೇಳಿದರು.

ಮೇ ತಿಂಗಳ ಆಮಂತ್ರಣ ಪತ್ರಿಕೆಯನ್ನು ಹಿರಿಯ ಅರ್ಚಕರೇ ಬರೆದರು. ವಿಶ್ವಾವಸು ನಾಮ ಸಂವತ್ಸರ, ಸೌಮ್ಯವಾಸರ, ಮೂಲಬೇರ, ಕಲಾಕರ್ಷಣ ಎಲ್ಲವೂ ಅದರಲ್ಲಿ ತಮ್ಮ ತಮ್ಮ ಜಾಗದಲ್ಲಿದ್ದವು. ಕರಡನ್ನು ನನ್ನ ಕೈಗೆ ಕೊಟ್ಟು, "ಏನು ತೆಗೀತೀರೋ ತೆಗೀರಿ ಮೇಷ್ಟ್ರೇ" ಎಂದರು. ಒಂದಕ್ಷರವನ್ನೂ ತೆಗೆಯದೆ, ಕೆಳಗಿನ ಅಂಚಿನಲ್ಲಿ "ಮೇ 7, ಬುಧವಾರ. ಬಸ್ಸು ಬೆಟ್ಟದ ಪಾದದವರೆಗೆ ಬರುತ್ತದೆ, ಮೇಲೆ ಊಟದ ವ್ಯವಸ್ಥೆ ಇದೆ" ಎಂದು ಸೇರಿಸಿ ಹಿಂದಿರುಗಿಸಿದೆ.